ಅಮ್ಮ ಕಳಿಸಿದ ಫೋಟೋದಲ್ಲಿ 89 ಇತ್ತು. ಇದು ಯಾವ ಮಶೀನು, ಯಾವ ಕಡೆ ಮೇಲೆ?

ವೈಟ್‌ಫೀಲ್ಡ್ ಮಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಅಪ್ಪ ಅಮ್ಮ ಗಿರಿನಗರದಲ್ಲಿದ್ದಾರೆ, ನಾನು ಕೆಲಸಕ್ಕೋಸ್ಕರ ವೈಟ್‌ಫೀಲ್ಡಲ್ಲಿ. ಅಪ್ಪಂಗೆ 74, ಅಮ್ಮಂಗೆ 69. ಕೋವಿಡ್ ಸಮಯದಲ್ಲಿ ತಂದಿಟ್ಟ ಥರ್ಮಾಮೀಟರು, ಆಕ್ಸಿಮೀಟರು, ಬಿಪಿ ಮಶೀನು, ನೆಬುಲೈಸರು ಎಲ್ಲಾ ಒಂದೇ ಸ್ಟೀಲ್ ಡಬ್ಬದಲ್ಲಿವೆ. ಅಮ್ಮ ನಾಲ್ಕಕ್ಕೂ "ಮಶೀನು" ಅಂತಲೇ ಅನ್ನೋದು.

ಕಳೆದ ಗುರುವಾರ ರಾತ್ರಿ ಹತ್ತೂವರೆಗೆ ಫೋನ್ ಬಂತು. ಅಪ್ಪಂಗೆ ಎರಡು ದಿನದಿಂದ ಕೆಮ್ಮು, ಮೈ ಬೆಚ್ಚಗಿದೆ ಅಂದ್ರು. "ಮಶೀನಲ್ಲಿ ನೋಡಿ ಫೋಟೋ ಕಳಿಸಮ್ಮಾ" ಅಂದೆ. ನನ್ನ ಮನಸ್ಸಲ್ಲಿದ್ದದ್ದು ಥರ್ಮಾಮೀಟರು. ಬಂದ ಫೋಟೋ ಕತ್ತಲು ಕತ್ತಲಾಗಿತ್ತು, ತೀರಾ ಹತ್ತಿರದಿಂದ ತೆಗೆದು ಮಸುಕಾಗಿತ್ತು. ಕಪ್ಪು ಹಿನ್ನೆಲೆಯಲ್ಲಿ ಕೆಂಪು ಅಂಕಿ, ಮೇಲೆ 89, ಕೆಳಗೆ 86. ಅಕ್ಷರ ಯಾವುದೂ ಓದೋಕೆ ಬರ್ತಿರಲಿಲ್ಲ.

ಮೊದಲು "ಜ್ವರ 89 ಹೇಗಾಗುತ್ತೆ?" ಅಂದುಕೊಂಡೆ. ಆಮೇಲೆ ಹೊಳೀತು, ಇದು ಆಕ್ಸಿಮೀಟರ್ ಆಗಿದ್ರೆ ಆಕ್ಸಿಜನ್ 89! ಕೈಕಾಲು ತಣ್ಣಗಾಯ್ತು. ಅಮ್ಮಂಗೆ ವಾಪಸ್ ಮಾಡಿದ್ರೆ ಬಿಝಿ, ಅಕ್ಕನ ಜೊತೆ ಮಾತಾಡ್ತಿದ್ರಂತೆ. 108ಕ್ಕೆ ಫೋನ್ ಮಾಡಿ ನಾನೂ ಕ್ಯಾಬ್ ಹತ್ತಿದೆ. ನಾನು ಆಸ್ಪತ್ರೆ ಮುಟ್ಟೋ ಹೊತ್ತಿಗೆ ಎಮರ್ಜೆನ್ಸಿಯಲ್ಲಿ ನೋಡಿ ಆಗಿತ್ತು: ಆಕ್ಸಿಜನ್ 98, ನಾಡಿ 70, ಜ್ವರ 99.2. ಎದೆ ಪರೀಕ್ಷೆ ಮಾಡಿ, ಕೆಮ್ಮಿಗೆ ಬರೆದುಕೊಟ್ಟು ಮನೆಗೆ ಕಳಿಸಿದ್ರು.

ಎರಡು ಪ್ರಶ್ನೆ. ಫೋಟೋ ನೋಡಿದ ತಕ್ಷಣ ಇದು ಯಾವ ಮಶೀನು ಅಂತ ಗುರುತಿಸೋದು ಹೇಗೆ? ಮತ್ತೆ ಆ 89 ಎಲ್ಲಿಂದ ಬಂತು, ನಮ್ಮ ಆಕ್ಸಿಮೀಟರ್ ಕೆಟ್ಟಿದ್ಯಾ?

ರಾಗಿಮುದ್ದೆ

ಮೊದಲನೇದಕ್ಕೆ ತುಂಬಾ ಸುಲಭ ಉತ್ತರ ಇದೆ ಗುರು. ಸ್ಕ್ರೀನಲ್ಲಿ ಎಷ್ಟು ಸಂಖ್ಯೆ ಇದೆ ಎಣಿಸಿ. ಒಂದೇ ಇದ್ರೆ ಥರ್ಮಾಮೀಟರ್. ಎರಡಿದ್ರೆ ಆಕ್ಸಿಮೀಟರ್. ಮೂರಿದ್ರೆ ಬಿಪಿ. ಏನೂ ಇಲ್ಲದೆ ಬರೀ ಡಬ್ಬ ಇದ್ರೆ ನೆಬುಲೈಸರ್. ನಮ್ಮನೇಲಿ ಎಲ್ಲರಿಗೂ ಇದನ್ನೇ ಹೇಳಿಕೊಟ್ಟಿದೀನಿ.

ಚಾಮರಾಜಪೇಟೆ ಶುಗರ್

ಹಂಗಂದ್ರೆ ನನ್ನ ಶುಗರ್ ಮಶೀನು ಥರ್ಮಾಮೀಟರ್ ಆಗೋಗುತ್ತಲ್ರೀ. ಅದರಲ್ಲೂ ಒಂದೇ ಸಂಖ್ಯೆ. ಬೆಳಿಗ್ಗೆ ಖಾಲಿ ಹೊಟ್ಟೇಲಿ 98 ಬಂದಿರೋ ದಿನ ಇದೆ, ಅದನ್ನ ಜ್ವರ ಅಂತ ಓದಿದ್ರೆ?

ರಾಗಿಮುದ್ದೆ

ಶುಗರ್ ಮಶೀನಲ್ಲಿ ಪಟ್ಟಿ ಚುಚ್ಚಿರುತ್ತೆ ಸರ್, ಗೊತ್ತಾಗುತ್ತೆ.

ಚಾಮರಾಜಪೇಟೆ ಶುಗರ್

ಅಂದ್ರೆ ಪಟ್ಟಿ ನೋಡಿ ಗುರುತಿಸಿದ್ರಿ, ಸಂಖ್ಯೆ ಎಣಿಸಿ ಅಲ್ಲ. ಬಿಪಿ ಮಶೀನು ಗಾಳಿ ತುಂಬುವಾಗ ಕೂಡ ಒಂದೇ ಸಂಖ್ಯೆ ಏರ್ತಾ ಹೋಗುತ್ತೆ, ಆ ಹೊತ್ತಲ್ಲಿ ಫೋಟೋ ತೆಗೆದ್ರೆ ನಿಮ್ಮ ಲೆಕ್ಕ ತಪ್ಪುತ್ತೆ.

ಮಲ್ಲಿಗೆ

ನಾನೂ ಅತ್ತೆಗೆ ಒಂದು ಆಕ್ಸಿಮೀಟರ್ ತಗೋಬೇಕು ಅಂತಿದೀನಿ. ಯಾವ ಕಂಪನಿದು ಒಳ್ಳೇದು? ಎಷ್ಟಾಗುತ್ತೆ?

ಜಯನಗರ 4ನೇ ಬ್ಲಾಕ್

ಮಲ್ಲಿಗೆ ಅವರೇ, ಪ್ರಶ್ನೆ ಅದಲ್ಲ, ಆದ್ರೂ ಹೇಳ್ತೀನಿ. 2021ರ ಬೇಸಿಗೆಯಲ್ಲಿ ಬಾಯಿಗೆ ಬಂದ ಬೆಲೆ ಇತ್ತು. ಅದೇ ವರ್ಷ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಿಮೀಟರ್, ಶುಗರ್ ಮಶೀನು, ಬಿಪಿ ಮಶೀನು, ನೆಬುಲೈಸರ್, ಡಿಜಿಟಲ್ ಥರ್ಮಾಮೀಟರ್ ಈ ಐದಕ್ಕೂ ಮಾರಾಟದ ಲಾಭಾಂಶ 70% ಮೀರಬಾರದು ಅಂತ ಮಿತಿ ಹಾಕ್ತು. ಆಮೇಲೆ ಬೆಲೆ ಇಳೀತು. ಯಾವ ಕಂಪನಿ ಅನ್ನೋದಕ್ಕಿಂತ, ಅಂಗಡೀಲೇ ನಿಮ್ಮ ಬೆರಳಿಗೆ ಹಾಕಿ ನೋಡಿ ತಗೊಳ್ಳಿ. ಆಮೇಲೆ ಒಂದು ಪೆನ್ಸಿಲ್ ಕಚ್ಚಿಸಿ ನೋಡಿ. ಪೆನ್ಸಿಲ್‌ಗೂ 98 ತೋರಿಸಿದ್ರೆ ಅಲ್ಲೇ ಬಿಟ್ಟು ಬನ್ನಿ.

ಸರ್ವಿಸ್ ಬೆಂಚು

ಹದಿನಾಲ್ಕು ವರ್ಷದಿಂದ ಆಸ್ಪತ್ರೆ ಸಲಕರಣೆ ರಿಪೇರಿ ಮಾಡ್ತಿದೀನಿ. ನಿಮ್ಮ ಎರಡನೇ ಪ್ರಶ್ನೆಗೆ ಮೊದಲು ಬರ್ತೀನಿ. ನನಗನ್ನಿಸೋದು, ಮಶೀನು ಕೆಟ್ಟಿಲ್ಲ, ನೀವು ಫೋಟೋನ ತಲೆಕೆಳಗಾಗಿ ನೋಡಿದೀರಿ.

ಒಂದು ಹಾಳೆ ಮೇಲೆ ಕ್ಯಾಲ್ಕುಲೇಟರ್ ತರಹದ ಅಂಕಿಯಲ್ಲಿ, ಅಂದ್ರೆ ಕಡ್ಡಿ ಜೋಡಿಸಿ ಬರೆದ ಹಾಗೆ, ಮೇಲೆ 98, ಕೆಳಗೆ 68 ಬರೀರಿ. ಈಗ ಹಾಳೆ ತಿರುಗಿಸಿ. ಕೆಳಗಿದ್ದ 68 ಮೇಲೆ ಬಂದು 89 ಆಗುತ್ತೆ, ಮೇಲಿದ್ದ 98 ಕೆಳಗೆ ಹೋಗಿ 86 ಆಗುತ್ತೆ. ನಿಮಗೆ ಬಂದ ಫೋಟೋದಲ್ಲಿ ಇದ್ದದ್ದು ಇದೇ ಜೋಡಿ. ಆಸ್ಪತ್ರೆಯಲ್ಲಿ 98 ಮತ್ತು 70 ಬಂತು ಅಂದ್ರಲ್ಲ, ಮನೇಲೂ 98 ಮತ್ತು 68 ಇದ್ದಿರಬೇಕು.

ಆ ಕಡ್ಡಿ ಅಂಕಿಗಳಲ್ಲಿ 0, 1, 2, 5, 8 ತಿರುಗಿಸಿದ್ರೂ ಹಾಗೇ ಉಳಿಯುತ್ತೆ. 6 ಹೋಗಿ 9 ಆಗುತ್ತೆ, 9 ಹೋಗಿ 6. ಅನುಮಾನ ಬರೋದು 3, 4, 7 ಇದ್ದಾಗ ಮಾತ್ರ. ತಲೆಕೆಳಗಾದ 7 ಇಂಗ್ಲಿಷಿನ ಎಲ್ ಥರ, 4 ಸಣ್ಣ ಎಚ್ ಥರ, 3 ಇ ಥರ ಕಾಣುತ್ತೆ. ನಿಮ್ಮಮ್ಮ ಒಂದು ನಿಮಿಷ ತಡವಾಗಿ ತೆಗೆದು ನಾಡಿ 70 ಆಗಿದ್ರೆ, ಮೇಲಿನ ಸಾಲಲ್ಲಿ ಸೊನ್ನೆ, ಅದರ ಪಕ್ಕ ಎಲ್ ಕಂಡು ನಿಮಗೆ ಅಲ್ಲೇ ಗೊತ್ತಾಗಿಬಿಡ್ತಿತ್ತು. 68 ಬಂದದ್ದು ದುರದೃಷ್ಟ.

ವೈಟ್‌ಫೀಲ್ಡ್ ಮಗ

ಹಾಳೆ ಮೇಲೆ ಬರೆದು ತಿರುಗಿಸಿ ನೋಡಿದೆ. ಐದು ನಿಮಿಷ ಸುಮ್ಮನೆ ಕೂತುಬಿಟ್ಟೆ ಸರ್.

ಹುಬ್ಬಳ್ಳಿಯಾಂವ

ಸರ, ಹತ್ತ ವರ್ಷ ಆತು ರಾಜಾಜಿನಗರದಾಗ ಅದೀನಿ. ಈ ಮಾತು ನಾ ಒಪ್ಪಂಗಿಲ್ಲ. ನಮ್ಮ ಅವ್ವಗ ಚಳಿಗಾಲದಾಗ ಕೈ ತಣ್ಣಗಿದ್ದಾಗ ಹಾಕಿದ್ರ 88, 89 ಅಂತ ತೋರಿಸ್ತದ. ಕೈ ತಿಕ್ಕಿ ಬೆಚ್ಚಗ ಮಾಡಿ ಹಾಕಿದ್ರ 97. ಇವರ ಅಪ್ಪಾಜಿಗೂ ಹಂಗ ಆಗಿರಬೇಕು. ಫೋಟೋ ತಿರುವುಮುರುವು ಅನ್ನೋದು ಬರೇ ಊಹಾ.

ಸರ್ವಿಸ್ ಬೆಂಚು

ನೀವು ಹೇಳೋದೂ ನಡಿಯುತ್ತೆ. ಬೆರಳಿಗೆ ರಕ್ತ ಕಮ್ಮಿ ಹರಿದಾಗ ಮಶೀನಿಗೆ ನಾಡಿ ಸರಿಯಾಗಿ ಸಿಗಲ್ಲ, ತಪ್ಪು ಸಂಖ್ಯೆ ಬರುತ್ತೆ. ಹಾಗಾಗಿ ಊಹೆ ಬೇಡ, ಪರೀಕ್ಷೆ ಮಾಡೋಣ. ವೈಟ್‌ಫೀಲ್ಡ್ ಅವರೇ, ಆ ಫೋಟೋ ತೆಗೆದು ಆನ್ ಮಾಡೋ ಬಟನ್ ಎಲ್ಲಿದೆ ನೋಡಿ: ಅಂಕಿಗಳ ಮೇಲ್ಗಡೆನಾ, ಕೆಳಗಡೆನಾ? ಆಮೇಲೆ ಅಮ್ಮಂಗೆ ಹೇಳಿ ಅದೇ ಮಶೀನನ್ನ ಅಕ್ಷರ ನೆಟ್ಟಗೆ ಓದೋ ಹಾಗೆ ಟೇಬಲ್ ಮೇಲಿಟ್ಟು ಇನ್ನೊಂದು ಫೋಟೋ ಕಳಿಸಲಿ. ಬಟನ್ ಎರಡರಲ್ಲೂ ಒಂದೇ ಕಡೆ ಇದ್ರೆ ಹುಬ್ಬಳ್ಳಿಯವರು ಸರಿ. ಅದಲುಬದಲಾಗಿದ್ರೆ ನಾನು ಸರಿ.

ಬನಶಂಕರಿ ಬಸ್‌ಸ್ಟಾಪ್

ಒಂದು ಅರ್ಥ ಆಗ್ಲಿಲ್ಲ. ಫೋನು ತಾನೇ ಫೋಟೋನ ನೇರ ಮಾಡಿಕೊಳ್ಳುತ್ತಲ್ಲ? ನಾವು ಫೋನ್ ಅಡ್ಡ ಹಿಡಿದ್ರೂ ಉದ್ದ ಹಿಡಿದ್ರೂ ಸರಿಯಾಗಿ ಬರುತ್ತೆ. ತಲೆಕೆಳಗಾಗೋದು ಹೇಗೆ?

ಸರ್ವಿಸ್ ಬೆಂಚು

ಫೋನ್ ನೇರ ಮಾಡೋದು ಭೂಮಿಯ ಸೆಳೆತ ನೋಡಿ. ಎದುರಿಗೆ ನಿಂತ ಮನುಷ್ಯನ ಫೋಟೋ ತೆಗೆಯುವಾಗ ಫೋನ್ ನೆಟ್ಟಗಿರುತ್ತೆ, ಕೆಳಗಡೆ ಯಾವುದು ಅಂತ ಅದಕ್ಕೆ ಗೊತ್ತಿರುತ್ತೆ. ಆದ್ರೆ ಟೇಬಲ್ ಮೇಲಿನ ವಸ್ತುವಿಗೆ, ತೊಡೆ ಮೇಲಿಟ್ಟ ಕೈಗೆ, ಫೋನನ್ನ ತಟ್ಟೆ ಥರ ಅಡ್ಡ ಮಲಗಿಸಿ ಮೇಲಿಂದ ಹಿಡೀತೀವಿ. ಆಗ ಸೆಳೆತ ಇರೋದು ಸ್ಕ್ರೀನಿನ ಹಿಂಬದಿ ಕಡೆಗೆ, ನಾಲ್ಕು ಅಂಚಿನಲ್ಲಿ ಯಾವುದಕ್ಕೂ ಅಲ್ಲ. ಫೋನಿಗೆ ಮೇಲು ಕೆಳಗು ತಿಳಿಯಲ್ಲ, ಹಿಂದೆ ಯಾವ ಕಡೆ ಅಂದುಕೊಂಡಿತ್ತೋ ಅದನ್ನೇ ಇಟ್ಟುಕೊಳ್ಳುತ್ತೆ.

ಅದಕ್ಕೂ ಮೊದಲು ಇನ್ನೊಂದು ಕಾರಣ ಇದೆ. ಅಮ್ಮ ಅಪ್ಪನ ಎದುರಿಗೆ ಕೂತು ತೆಗೆದಿದ್ರೆ, ಅಪ್ಪನ ಬೆರಳು ಅಮ್ಮನ ಕಡೆ ತೋರಿಸ್ತಿರುತ್ತೆ. ಅಪ್ಪಂಗೆ ನೇರ ಕಾಣೋ ಅಂಕಿ ಅಮ್ಮಂಗೆ ತಲೆಕೆಳಗೇ ಕಾಣೋದು.

ವೈಟ್‌ಫೀಲ್ಡ್ ಮಗ

ಈಗಷ್ಟೇ ಅಮ್ಮ ಕಳಿಸಿದ್ರು. ಗುರುವಾರದ ಫೋಟೋದಲ್ಲಿ ಬಟನ್ ಅಂಕಿಗಳ ಮೇಲ್ಗಡೆ ಇದೆ, ಅರ್ಧ ಮಾತ್ರ ಕಾಣುತ್ತೆ. ಇವತ್ತು ಅಕ್ಷರ ನೇರ ಇಟ್ಟು ತೆಗೆದ ಫೋಟೋದಲ್ಲಿ ಬಟನ್ ಕೆಳಗಡೆ ಇದೆ. `%SpO2` ಅಂತ ಆಕ್ಸಿಜನ್ ತೋರಿಸೋ ಮೇಲಿನ ಸಾಲಿನ ಪಕ್ಕ, `PRbpm` ಅಂತ ನಾಡಿ ತೋರಿಸೋ ಕೆಳಗಿನ ಸಾಲಿನ ಪಕ್ಕ ಬರೆದಿದೆ. ಹಳೇ ಫೋಟೋ ದೊಡ್ಡದು ಮಾಡಿ ನೋಡಿದ್ರೆ 86ರ ಪಕ್ಕ ಬಿಳೀ ಗೀಚು ಕಾಣುತ್ತೆ, ಅದೇ ತಲೆಕೆಳಗಾದ `%SpO2` ಇರಬೇಕು.

ಎಲ್ಲಿ ಕೂತು ತೆಗೆದ್ರಿ ಅಂತ ಕೇಳಿದೆ. "ಅಪ್ಪ ಮಂಚದ ಮೇಲಿದ್ರು, ನಾನು ಎದುರಿಗೆ ಸ್ಟೂಲ್ ಹಾಕ್ಕೊಂಡು ಕೂತಿದ್ದೆ" ಅಂದ್ರು.

ಹುಬ್ಬಳ್ಳಿಯಾಂವ

ಆತು, ಬಟನ್ ವಿಷಯಕ್ಕ ಒಪ್ಪಿದೆ. ಆದ್ರ ಕೈ ತಣ್ಣಗಿದ್ರ ಸಂಖ್ಯೆ ಇಳೀತದ ಅನ್ನೋದನ್ನ ಮರೀಬ್ಯಾಡ್ರಿ.

ರಾತ್ರಿ ಪಾಳಿ ಸಿಸ್ಟರ್

ನನಗೆ ಇನ್ನೂ ಒಂದು ಅನುಮಾನ. ಕೆಮ್ಮು, ಮೈ ಬಿಸಿ ಇರೋ 74 ವರ್ಷದವರಿಗೆ ನಾಡಿ 68 ಅಂದ್ರೆ ಕಮ್ಮಿ ಆಯ್ತು. ಜ್ವರ ಏರಿದ್ರೆ ನಾಡಿನೂ ಏರಬೇಕು. 86 ಅನ್ನೋದೇ ನಾಡಿಗೆ ಹೆಚ್ಚು ಹೊಂದುತ್ತೆ. ಅಪ್ಪ ಬೇರೆ ಏನಾದ್ರೂ ಮಾತ್ರೆ ತಗೋತಾರಾ?

ವೈಟ್‌ಫೀಲ್ಡ್ ಮಗ

ಬಿಪಿಗೆ ಅಟೆನೊಲಾಲ್ ತಗೋತಾರೆ ಸಿಸ್ಟರ್, ಎಂಟು ವರ್ಷದಿಂದ.

ರಾತ್ರಿ ಪಾಳಿ ಸಿಸ್ಟರ್

ಸರಿ ಹಾಗಾದ್ರೆ. ಆ ಮಾತ್ರೆ ನಾಡಿಯನ್ನ ಹಿಡಿದಿಡುತ್ತೆ, 68 ಇರೋದು ಸಹಜ. ಜ್ವರವೂ 99.2 ಅಷ್ಟೇ ಇತ್ತಲ್ಲ.

ಆದ್ರೆ ಒಂದು ಮಾತು ಎಲ್ಲರಿಗೂ. ಇದನ್ನ ಓದಿ ನಾಳೆ ಯಾರಾದ್ರೂ 89 ನೋಡಿ "ಓ, ಫೋಟೋ ತಲೆಕೆಳಗಿದೆ" ಅಂತ ಸುಮ್ಮನಾಗಬೇಡಿ. ನೀವು ಅವತ್ತು 108 ಕರೆದದ್ದು ಸರಿ. ನಿಜವಾದ 89 ಆಗಿದ್ರೆ ಒಂದೊಂದು ನಿಮಿಷವೂ ಮುಖ್ಯ. ಫೋಟೋ ಬಗ್ಗೆ ಅನುಮಾನ ಇದ್ರೆ ಮೊದಲು ಫೋನಲ್ಲಿ ರೋಗಿ ಜೊತೇನೇ ಮಾತಾಡಿ. ಒಂದು ಪೂರ್ತಿ ವಾಕ್ಯ ಉಸಿರು ಎಳೆಯದೆ ಹೇಳ್ತಾರಾ, ಎರಡು ಪದಕ್ಕೊಮ್ಮೆ ನಿಲ್ಲಿಸ್ತಾರಾ ಕೇಳಿಸಿಕೊಳ್ಳಿ. ತುಟಿ ಬಣ್ಣ ಹೇಗಿದೆ ಅಂತ ಮನೆಯವರನ್ನ ಕೇಳಿ.

ಸರ್ವಿಸ್ ಬೆಂಚು

ಸಿಸ್ಟರ್ ಹೇಳಿದ್ದಕ್ಕೆ ಸೇರಿಸ್ತೀನಿ, ಯಾಕಂದ್ರೆ ಇದರ ಉಲ್ಟಾ ನನಗೆ ಹೆಚ್ಚು ಭಯ. ಒಬ್ಬರಿಗೆ ನಿಜವಾಗಲೂ ಆಕ್ಸಿಜನ್ 89, ನಾಡಿ 86 ಇದೆ ಅಂದುಕೊಳ್ಳಿ. ಫೋಟೋ ತಲೆಕೆಳಗಾಗಿ ಬಂದ್ರೆ ಮಗನಿಗೆ ಕಾಣೋದು ಮೇಲೆ 98, ಕೆಳಗೆ 68. "ಚೆನ್ನಾಗಿದೆಯಮ್ಮಾ, ಮಲಗಿ" ಅಂತ ಹೇಳಿಬಿಡ್ತಾನೆ. ಬರೀ ಅಂಕಿ ಇರೋ ಫೋಟೋ ಎರಡು ರೀತಿಯೂ ಓದೋಕೆ ಬರುತ್ತೆ. ಅದಕ್ಕೇ ಅಂಕಿ ಬಿಟ್ಟು ಇನ್ನೊಂದು ಗುರುತು ಫೋಟೋದಲ್ಲಿ ಇರಲೇಬೇಕು.

ಕತ್ರಿಗುಪ್ಪೆ ಗೃಹಿಣಿ

ಅಬ್ಬಾ, ಇದನ್ನ ಓದಿ ಎದೆ ಝಲ್ ಅಂತು. ನಮ್ಮತ್ತೆ ದಿನಾ ಹೀಗೇ ಫೋಟೋ ಕಳಿಸ್ತಾರೆ ಭಾವನಿಗೆ.

ವೈಟ್‌ಫೀಲ್ಡ್ ಮಗ

ಸರ್, ಹಾಗಾದ್ರೆ ಮೊದಲನೇ ಪ್ರಶ್ನೆ: ಮಸುಕು ಫೋಟೋದಲ್ಲಿ ಮಶೀನು ಯಾವುದು ಅಂತ ಹೇಗೆ ಹೇಳ್ತೀರಿ?

ಸರ್ವಿಸ್ ಬೆಂಚು

ನಾನು ಅಂಕಿ ನೋಡೋದು ಕೊನೇಲಿ. ಮೊದಲು ನೋಡೋದು ಮಶೀನು ಮೈಗೆ ಎಲ್ಲಿ ತಾಗುತ್ತೆ ಅಂತ. ಆ ಜಾಗ ಫೋಟೋದಲ್ಲಿ ಇದ್ರೆ ಅಂಕಿ ಪೂರ್ತಿ ಮಸುಕಾಗಿದ್ರೂ ಪರವಾಗಿಲ್ಲ. ಆಕ್ಸಿಮೀಟರಿಗೆ ಬಟ್ಟೆ ಕ್ಲಿಪ್ಪಿನ ಥರ ಬಾಯಿ, ಬೆರಳು ಒಳಗೆ ಹೋಗಿರುತ್ತೆ, ಆನ್ ಇದ್ರೆ ಬಾಯಿಯ ಸಂದಿಯಿಂದ ಕೆಂಪು ಬೆಳಕು ಸೋರ್ತಿರುತ್ತೆ. ಆ ಕೆಂಪು ಬೆಳಕು ಬೆರಳ ತುದಿ ದಾಟಿ ಹೋಗೋದನ್ನ ಅಳೆದೇ ಅದು ಲೆಕ್ಕ ಹಾಕೋದು. ನಿಮ್ಮ ಡಬ್ಬದ ಬೇರೆ ಮೂರಕ್ಕೂ ಆ ಬೆಳಕು ಇಲ್ಲ. ಬಿಪಿ ಮಶೀನಿಗೆ ಬಟ್ಟೆ ಪಟ್ಟಿ. ಥರ್ಮಾಮೀಟರಿಗೆ ಲೋಹದ ತುದಿ, ಅಂಕಿಯ ನಡುವೆ ಚುಕ್ಕೆ.

ಆ ಚುಕ್ಕೆ ತುಂಬಾ ಉಪಯೋಗಕ್ಕೆ ಬರುತ್ತೆ. ನೇರ ಇದ್ದಾಗ ಚುಕ್ಕೆ ಕೆಳಗಡೆ ಕೂತಿರುತ್ತೆ. ತಲೆಕೆಳಗಾದ್ರೆ ಮೇಲ್ಗಡೆ ಹೋಗುತ್ತೆ. 98.6 ತಿರುಗಿದ್ರೆ ಒಂದು 9, ಮೇಲೆ ಚುಕ್ಕೆ, ಆಮೇಲೆ 86 ಕಾಣುತ್ತೆ. ಆಕ್ಸಿಮೀಟರಿನ ಈ ಎರಡು ಸಂಖ್ಯೆಯಲ್ಲಿ ಚುಕ್ಕೆ ಇಲ್ಲ, ಅದಕ್ಕೇ ಅದು ಮೋಸ ಮಾಡೋದು.

ವಿಜಯನಗರ ನಿವೃತ್ತ

ನನ್ನ ಅನುಭವ ಹೇಳುತ್ತೇನೆ. ಮಗಳು ದಿನಾ ಬೆಳಿಗ್ಗೆ ಬಿಪಿ ಫೋಟೋ ಕಳಿಸಲು ಹೇಳಿದ್ದಳು. ಮೂರು ದಿನ ಕಳಿಸಿದೆ. ಮೂರು ದಿನವೂ 134, 82, 71. ಮಗಳಿಗೆ ಸಂಶಯ ಬಂದು ಕೇಳಿದಳು. ನಾನು ಒತ್ತುತ್ತಿದ್ದುದು ಆರಂಭದ ಬಟನ್ ಅಲ್ಲ, ಪಕ್ಕದ ನೆನಪಿನ ಬಟನ್! ಹಳೆಯ ಅಳತೆಯೇ ಮತ್ತೆ ಮತ್ತೆ ಬರುತ್ತಿತ್ತು. ಆ ಫೋಟೋಗಳಲ್ಲಿ ಸ್ಕ್ರೀನಿನ ಮೂಲೆಯಲ್ಲಿ ಸಣ್ಣದಾಗಿ `M` ಅಂತ ಇದೆ, ತೋಳಿಗೆ ಪಟ್ಟಿಯೂ ಕಟ್ಟಿಲ್ಲ. ಅಂದಿನಿಂದ ಪಟ್ಟಿ ಕಟ್ಟಿದ ತೋಳು ಕಾಣುವಂತೆಯೇ ಫೋಟೋ ತೆಗೆಯುತ್ತೇನೆ.

ರಾಗಿಮುದ್ದೆ

ಸರ್ವಿಸ್ ಬೆಂಚು ಸರ್, ನನ್ನ ಎಣಿಕೆ ಲೆಕ್ಕ ತಪ್ಪು ಅಂತ ಒಪ್ಪಿದೆ. ಆದ್ರೆ ನೆಬುಲೈಸರ್ ಮಾತ್ರ ಸರಿ ತಾನೆ? ಅದಕ್ಕೆ ಸಂಖ್ಯೆ ಇರಲ್ಲ, ಡಬ್ಬ ಮಾತ್ರ.

ಕತ್ರಿಗುಪ್ಪೆ ಗೃಹಿಣಿ

ಅದರಲ್ಲೂ ಎಡವಟ್ಟಾಗುತ್ತೆ ಕಣಪ್ಪ. ನಮ್ಮ ಬೀದಿಯ ಒಬ್ಬರು ಮಗೂಗೆ ಅಂತ ನನಗೆ ಫೋಟೋ ಕಳಿಸಿ, "ಅಕ್ಕಾ ನೆಬುಲೈಸರಿಗೆ ಈ ಔಷಧಿ ಎಲ್ಲಿ ಹಾಕ್ಬೇಕು?" ಅಂತ ಕೇಳಿದ್ರು. ಕೈಯಲ್ಲಿ ಡಾಕ್ಟರು ಬರೆದ ಆ ಸಣ್ಣ ಪ್ಲಾಸ್ಟಿಕ್ ಕೊಳವೆ ಔಷಧಿ ಇದೆ, ತಲೆ ಮುರಿದು ಸುರಿಯೋದು. ಟೇಬಲ್ ಮೇಲಿರೋದು ಹಬೆ ತಗೊಳ್ಳೋ ಮಶೀನು! ನೀರು ಕಾಯಿಸೋದು. ನೆಗಡಿಗೆ ಎಲ್ಲರ ಮನೇಲೂ ಇರುತ್ತಲ್ಲ, ಅದೇ. ಅವರ ಮನೇಲಿ ಅದಕ್ಕೇ ನೆಬುಲೈಸರ್ ಅಂತ ಹೆಸರು. ನಾನು ಕೂಗಿ ನಿಲ್ಲಿಸಿದೆ.

ರಾತ್ರಿ ಪಾಳಿ ಸಿಸ್ಟರ್

ಒಳ್ಳೇ ಕೆಲಸ ಮಾಡಿದ್ರಿ. ಇದು ನಾವು ವಾರ್ಡಲ್ಲಿ ಕೂಡ ಕೇಳ್ತಾನೇ ಇರ್ತೀವಿ. ಹಬೆ ಮಶೀನಿಗೆ ಆ ಔಷಧಿ ಹಾಕಿದ್ರೆ ನೀರು ಮಾತ್ರ ಹಬೆಯಾಗಿ ಮೇಲೆ ಬರುತ್ತೆ, ಔಷಧಿ ಪಾತ್ರೇಲೇ ಉಳಿಯುತ್ತೆ. ಮಗೂಗೆ ಔಷಧಿ ಕೊಟ್ಟಾಯ್ತು ಅಂತ ತಾಯಿ ನೆಮ್ಮದಿಯಾಗಿರ್ತಾಳೆ, ಮಗು ಉಸಿರಿಗೆ ಒದ್ದಾಡ್ತಿರುತ್ತೆ. ಬಿಸಿ ನೀರು ಚೆಲ್ಲಿ ಸುಟ್ಟುಕೊಳ್ಳೋ ಭಯ ಬೇರೆ.

ಫೋಟೋದಲ್ಲಿ ಗುರುತು ಹೀಗೆ ಹಿಡೀರಿ. ನೆಬುಲೈಸರಲ್ಲಿ ಔಷಧಿ ಹಾಕೋ ಬಟ್ಟಲು ತೀರಾ ಚಿಕ್ಕದು, ಯಾಕಂದ್ರೆ ಆ ಕೊಳವೆಯಲ್ಲಿ ಇರೋದೇ ಎರಡು ಮೂರು ಮಿಲಿ. ಡಬ್ಬದಿಂದ ಒಂದು ತೆಳ್ಳನೆ ಪೈಪ್ ಬಂದು ಆ ಬಟ್ಟಲ ತಳಕ್ಕೆ ಸೇರುತ್ತೆ, ಬಟ್ಟಲ ಮೇಲೆ ಮಾಸ್ಕ್. ಹಬೆ ಮಶೀನಲ್ಲಿ ಪೈಪ್ ಇಲ್ಲ, ಲೋಟದಷ್ಟು ನೀರು ಹಿಡಿಯೋ ಪಾತ್ರೆ, ಅದರ ಮೇಲೇ ಅಗಲವಾದ ಮೂತಿ.

ಬನಶಂಕರಿ ಬಸ್‌ಸ್ಟಾಪ್

ಪೈಪ್ ಅಂದ್ರಲ್ಲ ಸಿಸ್ಟರ್, ಬಿಪಿ ಮಶೀನಿಗೂ ಡಬ್ಬ, ಪೈಪ್ ಇದೆ. ನಮ್ಮ ಮಾವ ಅದನ್ನೇ ತಂದು "ನೆಬುಲೈಸರ್ ಇದೆ ತಗೋ" ಅಂತ ಕೊಟ್ಟಿದ್ರು.

ರಾತ್ರಿ ಪಾಳಿ ಸಿಸ್ಟರ್

ಪೈಪಿನ ಇನ್ನೊಂದು ತುದಿಗೆ ಹೋಗಿ ನೋಡಿ. ಬಟ್ಟೆ ಪಟ್ಟಿ ಇದ್ರೆ ಬಿಪಿ, ಬಟ್ಟಲು ಇದ್ರೆ ನೆಬುಲೈಸರ್.

ಜಯನಗರ 4ನೇ ಬ್ಲಾಕ್

ಪೈಪೇ ಇಲ್ಲದ ನೆಬುಲೈಸರೂ ಈಗ ಬಂದಿದೆ. ಅಂಗೈಯಲ್ಲಿ ಹಿಡಿಯೋದು, ಬ್ಯಾಟರಿದು, ಸದ್ದೇ ಬರಲ್ಲ. ಅದನ್ನ ಹೇಗೆ ಗುರುತಿಸ್ತೀರಿ?

ಸರ್ವಿಸ್ ಬೆಂಚು

ಅದರಲ್ಲೂ ಔಷಧಿ ಬಟ್ಟಲು ಚಿಕ್ಕದೇ, ಕೆಲವೇ ಮಿಲಿ. ಫೋಟೋ ಮಾತ್ರ ನೋಡಿ ನನಗೂ ಒಮ್ಮೊಮ್ಮೆ ಮುಖಕ್ಕೆ ಮಂಜು ಹಾಯಿಸೋ ಸೌಂದರ್ಯದ ಮಶೀನಿಗೂ ಅದಕ್ಕೂ ವ್ಯತ್ಯಾಸ ಗೊತ್ತಾಗಲ್ಲ. ಆಗ ತಳದಲ್ಲಿ ಅಂಟಿಸಿರೋ ಚೀಟಿಯ ಫೋಟೋ ಕೇಳ್ತೀನಿ. ಬೇರೆ ದಾರಿ ನನಗೆ ಕಂಡಿಲ್ಲ.

ಚಾಮರಾಜಪೇಟೆ ಶುಗರ್

ವಾಪಸ್ ಆಕ್ಸಿಮೀಟರಿಗೆ ಬರ್ತೀನಿ. ನಾನು ಈ ಚರ್ಚೆ ಓದಿ ನಮ್ಮ ಮಶೀನಿಂದು ಬಾಲ್ಕನಿಯಲ್ಲಿ ಬಿಸಿಲಲ್ಲಿ ನಾಲ್ಕು ಫೋಟೋ ತೆಗೆದೆ. ಕಣ್ಣಿಗೆ 98 ಸರಿಯಾಗಿ ಕಾಣ್ತಿತ್ತು. ಫೋಟೋದಲ್ಲಿ ಒಂದರಲ್ಲಿ 9 ಮಾತ್ರ ಇದೆ, ಇನ್ನೊಂದರಲ್ಲಿ 8ರ ಕೆಳಗಿನ ಅರ್ಧ ಮಾಯ. ಇದೇನು, ಬ್ಯಾಟರಿ ವೀಕಾ?

ಸರ್ವಿಸ್ ಬೆಂಚು

ಬ್ಯಾಟರಿ ಅಲ್ಲ. ಆ ಕೆಂಪು ಅಂಕಿಗಳು ಎಲ್ಲಾ ಒಟ್ಟಿಗೆ ಉರಿಯಲ್ಲ, ಒಂದಾದ ಮೇಲೆ ಒಂದು, ತುಂಬಾ ವೇಗವಾಗಿ ಹತ್ತಿ ಆರ್ತವೆ. ಕಣ್ಣಿಗೆ ಅಷ್ಟು ವೇಗ ಗೊತ್ತಾಗಲ್ಲ, ಎಲ್ಲಾ ಹತ್ತಿರೋ ಹಾಗೇ ಕಾಣುತ್ತೆ. ಕ್ಯಾಮೆರಾ ಬಿಸಿಲಲ್ಲಿ ಬರೀ ಒಂದು ಕ್ಷಣ ಕಣ್ಣು ತೆರೆದು ಮುಚ್ಚುತ್ತೆ, ಆ ಕ್ಷಣದಲ್ಲಿ ಯಾವುದು ಆರಿತ್ತೋ ಅದು ಫೋಟೋದಲ್ಲಿ ಇಲ್ಲ. ಮನೆಯೊಳಗೆ, ಮಂದ ಬೆಳಕಲ್ಲಿ ತೆಗೆದ್ರೆ ಕಣ್ಣು ಹೆಚ್ಚು ಹೊತ್ತು ತೆರೆದಿರುತ್ತೆ, ಪೂರ್ತಿ ಅಂಕಿ ಬರುತ್ತೆ. ಅದಕ್ಕೇ ನಾನು ಒಂದು ಫೋಟೋ ನಂಬಲ್ಲ. ಹತ್ತು ಸೆಕೆಂಡ್ ವಿಡಿಯೋ ಕೇಳಿ. ಒಂದು ಕಡೆ ಮಾಯ ಆದದ್ದು ಇನ್ನೊಂದು ಕಡೆ ಸಿಗುತ್ತೆ, ನಾಡಿಯೂ ಬದಲಾಗ್ತಾ ಹೋಗುತ್ತೆ, ಎಲ್ಲಾದ್ರೂ ಒಂದು 3, 4, 7 ಬಂದು ಮೇಲೆ ಯಾವುದು ಅಂತ ಹೇಳಿಬಿಡುತ್ತೆ.

ಹುಬ್ಬಳ್ಳಿಯಾಂವ

ವಿಡಿಯೋ ಮಾತು ಭಾಳ ಛಲೋ ಅದ ಸರ. ಕೈ ಬೆಚ್ಚಗಾದಂಗ ಸಂಖ್ಯೆ ಏರೋದೂ ಅದರಾಗ ಕಾಣ್ತದ.

ರಾತ್ರಿ ಪಾಳಿ ಸಿಸ್ಟರ್

ಹೌದು, ಹಾಕಿದ ತಕ್ಷಣ ಫೋಟೋ ಬೇಡ. ಕೈ ಅಲ್ಲಾಡಿಸದೆ ಒಂದು ನಿಮಿಷ ಇಟ್ಟು, ಸಂಖ್ಯೆ ಒಂದು ಕಡೆ ನಿಂತ ಮೇಲೆ ತೆಗೆಯಿರಿ. ಉಗುರು ಬಣ್ಣ ಇದ್ರೆ ಅಳಿಸಿ ಹಾಕಿ.

ಮಲ್ಲಿಗೆ

ಮದರಂಗಿ ಹಾಕಿದ್ರೆ? ಅತ್ತೆ ಹಬ್ಬ ಹಬ್ಬಕ್ಕೂ ಹಾಕ್ಕೋತಾರೆ.

ರಾತ್ರಿ ಪಾಳಿ ಸಿಸ್ಟರ್

ದಟ್ಟವಾಗಿ ಹಾಕಿರೋರಿಗೆ ನಮ್ಮಲ್ಲಿ ಕೆಲವೊಮ್ಮೆ ಸಂಖ್ಯೆನೇ ಬರದೆ ಹೋಗಿದೆ, ಕೆಲವರಿಗೆ ಏನೂ ತೊಂದರೆ ಆಗಿಲ್ಲ. ನಾನು ಬಣ್ಣ ಇಲ್ಲದ ಬೆರಳು ಹುಡುಕ್ತೀನಿ.

ಕತ್ರಿಗುಪ್ಪೆ ಗೃಹಿಣಿ

ವೈಟ್‌ಫೀಲ್ಡ್ ಅವರೇ, ನಿಮ್ಮಮ್ಮಂಗೆ ಬಟನ್, ಅಕ್ಷರ ಅಂತೆಲ್ಲಾ ಹೇಳೋದಕ್ಕಿಂತ ಒಂದು ಸ್ಟಿಕರ್ ಬಿಂದಿ ಅಂಟಿಸಿಬಿಡಿ. ಅಂಕಿ ನೇರ ಇದ್ದಾಗ ಅಂಕಿಯ ಮೇಲ್ಗಡೆ ಜಾಗದಲ್ಲಿ. "ಬಿಂದಿ ಹಣೆ ಮೇಲಿರಬೇಕು ಅಮ್ಮಾ" ಅಂದ್ರೆ ಸಾಕು, ಮರೆಯಲ್ಲ. ಫೋಟೋದಲ್ಲಿ ಬಿಂದಿ ಕೆಳಗಿದ್ರೆ ನಿಮಗೂ ತಕ್ಷಣ ಗೊತ್ತಾಗುತ್ತೆ.

ಜಯನಗರ 4ನೇ ಬ್ಲಾಕ್

ಬಿಂದಿ ಬಿದ್ದುಹೋಗುತ್ತೆ.

ಕತ್ರಿಗುಪ್ಪೆ ಗೃಹಿಣಿ

ಬಿದ್ರೆ ಇನ್ನೊಂದು ಅಂಟಿಸೋದು. ಕನ್ನಡಿ ತುಂಬಾ ಇರುತ್ತೆ.

ಸರ್ವಿಸ್ ಬೆಂಚು

ಇದು ನನಗೇ ಹೊಳೆದಿರಲಿಲ್ಲ, ತುಂಬಾ ಚೆನ್ನಾಗಿದೆ. ಹೊರಗಡೆ ಮೈಮೇಲೆ ಮಾತ್ರ ಅಂಟಿಸಿ, ಬೆರಳು ಹೋಗೋ ಬಾಯಿಯ ಒಳಗೆ ಬೇಡ, ಅಲ್ಲಿ ಬೆಳಕು ಹಾಯಬೇಕು. ಮತ್ತೆ ಫೋಟೋ ತೆಗೆಯುವಾಗ ಮಣಿಕಟ್ಟಿನವರೆಗೂ ಕೈ ಕಾಣೋ ಹಾಗೆ ಸ್ವಲ್ಪ ದೂರದಿಂದ ತೆಗೆಯಲಿ. ಹತ್ತಿರ ಹೋದಷ್ಟೂ ಫೋಟೋ ಮಸುಕಾಗುತ್ತೆ, ಗುರುತುಗಳೂ ಹೊರಗೆ ಉಳೀತವೆ.

ವೈಟ್‌ಫೀಲ್ಡ್ ಮಗ

ಭಾನುವಾರ ಗಿರಿನಗರಕ್ಕೆ ಹೋಗಿ ಬಂದೆ. ಡಬ್ಬದಲ್ಲಿದ್ದ ನಾಲ್ಕನ್ನೂ ಬೇರೆ ಬೇರೆ ಚೀಲಕ್ಕೆ ಹಾಕಿ, ಚೀಲದ ಮೇಲೆ "ಬೆರಳು", "ತೋಳು", "ಕಂಕುಳು", "ಮೂಗು" ಅಂತ ಅಮ್ಮನ ಕೈಲೇ ಬರೆಸಿದೆ. ಆಕ್ಸಿಮೀಟರಿಗೆ ಬಿಂದಿ ಅಂಟಿಸಿದ್ದೂ ಅವರೇ. ನಾನೀಗ "ಮಶೀನಲ್ಲಿ ನೋಡು" ಅನ್ನಲ್ಲ, "ಬೆರಳಿನದು ನೋಡು", "ಕಂಕುಳಿನದು ನೋಡು" ಅಂತೀನಿ. ತಪ್ಪು ಶುರುವಾದದ್ದೇ ನನ್ನ ಆ ಮಾತಿಂದ.

ಇವತ್ತು ಬೆಳಿಗ್ಗೆ ಫೋಟೋ ಬಂತು. ಅಪ್ಪನ ಕೈ ಮಣಿಕಟ್ಟಿನ ತನಕ ಇದೆ, ಕೆಂಪು ಬಿಂದಿ ಮೇಲಿದೆ, 97, ಕೆಳಗೆ 73. ಕೆಮ್ಮು ಕಮ್ಮಿ ಆಗಿದೆ.

ಬನಶಂಕರಿ ಬಸ್‌ಸ್ಟಾಪ್

ನನ್ನದು ಬಣ್ಣದ ಸ್ಕ್ರೀನಿನ ಮಶೀನು. ಬಟನ್ ಒತ್ತಿದ ಹಾಗೆಲ್ಲಾ ಅಂಕಿ ತಾನೇ ನಾಲ್ಕು ಕಡೆಗೂ ತಿರುಗುತ್ತೆ. ಅದಕ್ಕೆ ಬಿಂದಿ ಅಂಟಿಸಿದ್ರೆ ಕೆಲಸ ಆಗಲ್ಲ ಅಲ್ವಾ?

ಸರ್ವಿಸ್ ಬೆಂಚು

ಆಗಲ್ಲ. ಬಿಂದಿ ನಿಂತಲ್ಲೇ ಇರುತ್ತೆ, ಅಂಕಿ ತಿರುಗಿಬಿಡುತ್ತೆ, ಇನ್ನೂ ಗೊಂದಲ. ಅಂಥದ್ರಲ್ಲಿ `%SpO2` ಅನ್ನೋ ಅಕ್ಷರವೂ ಅಂಕಿ ಜೊತೇನೇ ತಿರುಗುತ್ತೆ, ಅದನ್ನ ಓದೋಕೆ ಆಗಬೇಕು. ಓದೋಕೆ ಆಗದಷ್ಟು ಮಸುಕಾಗಿದ್ರೆ ಫೋಟೋ ಬಿಟ್ಟು ವಿಡಿಯೋ ಕಾಲ್ ಮಾಡಿ. ನಿಮ್ಮದು ಯಾವ ಮಾಡೆಲ್, ಒಂದು ಫೋಟೋ ಹಾಕಿ ನೋಡೋಣ, ಅಂಕಿ ಕಡ್ಡಿ ಥರ ಇದ್ಯಾ, ಅಚ್ಚಿನ ಅಕ್ಷರದ ಥರ ಇದ್ಯಾ?

ಬನಶಂಕರಿ ಬಸ್‌ಸ್ಟಾಪ್

ಸಂಜೆ ಮನೆಗೆ ಹೋಗಿ ಹಾಕ್ತೀನಿ ಸರ್.